ಒಂದೇ ದಿನ ಎರಡು ಹಬ್ಬ, ಮರುದಿನ ಏನೂ ಇಲ್ಲ: ದೀಪಾವಳಿಯ ದಿನಗಳನ್ನು ಪಂಚಾಂಗದಿಂದ ನೀವೇ ಹಿಡಿಯುವುದು ಹೇಗೆ

2025ರ ದೀಪಾವಳಿಯಲ್ಲಿ ಅಕ್ಟೋಬರ್ 20ರ ಸೋಮವಾರ ಬೆಳಗ್ಗೆ ಎಣ್ಣೆಸ್ನಾನ, ಅದೇ ದಿನ ಸಂಜೆ ಲಕ್ಷ್ಮೀಪೂಜೆ. ಬಲಿಪಾಡ್ಯಮಿ ಮಾತ್ರ ಬುಧವಾರ, 22ಕ್ಕೆ. ಸರ್ಕಾರಿ ರಜೆಯೂ 20 ಮತ್ತು 22ಕ್ಕೇ ಇತ್ತು. ನಡುವಿನ ಮಂಗಳವಾರ ಏನು ಎಂದು ನಮ್ಮ ಚಿಕ್ಕಮ್ಮ ಫೋನ್ ಮಾಡಿ ಕೇಳಿದರು. ಅವರ ಗೋಡೆಯ ಕ್ಯಾಲೆಂಡರಿನಲ್ಲಿ 20ರ ಚೌಕದಲ್ಲಿ ಚತುರ್ದಶಿ, 21ರಲ್ಲಿ ಅಮಾವಾಸ್ಯೆ ಎಂದು ಅಚ್ಚಾಗಿತ್ತು. "ಅಮಾವಾಸ್ಯೆ ಪೂಜೆಯನ್ನ ಚತುರ್ದಶಿ ದಿನ ಮಾಡೋದು ಯಾವ ಲೆಕ್ಕ ಕಣೋ?" ಎಂಬುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆಯೇ.

ಉತ್ತರ ಆ ಚೌಕದಲ್ಲೇ ಇದೆ. ಕ್ಯಾಲೆಂಡರಿನ ಚೌಕದಲ್ಲಿ ಬರುವುದು ಆ ದಿನದ ಸೂರ್ಯೋದಯಕ್ಕೆ ಇದ್ದ ತಿಥಿ ಮಾತ್ರ. ಆ ತಿಥಿ ಬೆಳಗ್ಗೆ ಏಳಕ್ಕೇ ಮುಗಿದುಹೋಗಿದ್ದರೂ ದಿನಕ್ಕೆಲ್ಲ ಅದರದೇ ಹೆಸರು. ದೀಪಾವಳಿಯ ಆಚರಣೆಗಳು ನಿಂತಿರುವುದು ಬೇರೆ ಬೇರೆ ಹೊತ್ತಿನ ಮೇಲೆ. ಶಾಸ್ತ್ರದಲ್ಲಿ ಇದನ್ನು ಕರ್ಮಕಾಲ ಎನ್ನುತ್ತಾರೆ. ಯಮದೀಪಕ್ಕೆ ಸಂಜೆ, ನರಕ ಚತುರ್ದಶಿಯ ಅಭ್ಯಂಜನಕ್ಕೆ ಬೆಳಗಿನ ಜಾವದ ಚಂದ್ರೋದಯ, ಲಕ್ಷ್ಮೀಪೂಜೆಗೆ ಸೂರ್ಯಾಸ್ತದ ನಂತರದ ಪ್ರದೋಷ, ಬಲಿಪಾಡ್ಯಮಿಗೆ ಸೂರ್ಯೋದಯ, ಸೋದರ ಬಿದಿಗೆಗೆ ಅಪರಾಹ್ನ. ಆಯಾ ಹೊತ್ತಿಗೆ ಬೇಕಾದ ತಿಥಿ ಯಾವ ದಿನ ಸಿಗುತ್ತದೋ ಆ ದಿನವೇ ಹಬ್ಬ. ಹಾಗಾಗಿ ಐದು ಹಬ್ಬ ಒಮ್ಮೆ ನಾಲ್ಕು ದಿನದಲ್ಲಿ ಮುಗಿಯುತ್ತವೆ, ಒಮ್ಮೆ ಆರು ದಿನಕ್ಕೆ ಹಿಗ್ಗುತ್ತವೆ.

ತಿಥಿಗೂ ದಿನಕ್ಕೂ ಅಳತೆ ಹೊಂದದಿರುವುದೇ ಇದಕ್ಕೆ ಮೂಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿಯಲು ತೆಗೆದುಕೊಳ್ಳುವ ಸಮಯ ಒಂದು ತಿಥಿ. ಚಂದ್ರನ ಓಟ ಒಂದೇ ವೇಗದಲ್ಲಿರುವುದಿಲ್ಲವಾದ್ದರಿಂದ ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 26 ಗಂಟೆ ದಾಟಿಯೂ ಎಳೆಯಬಹುದು. ಒಂದು ಸೂರ್ಯೋದಯವನ್ನೂ ಕಾಣದೆ ಮುಗಿದದ್ದು ಕ್ಷಯ ತಿಥಿ, ಎರಡು ಸೂರ್ಯೋದಯ ಕಂಡದ್ದು ವೃದ್ಧಿ ತಿಥಿ.

ಮೊದಲು ಒಂದು ಚೀಟಿ ಬರೆದುಕೊಳ್ಳಿ

ಆಶ್ವಯುಜ ಬಹುಳ ತ್ರಯೋದಶಿಯಿಂದ ಕಾರ್ತಿಕ ಶುದ್ಧ ಬಿದಿಗೆಯವರೆಗೆ ಐದು ತಿಥಿ. ಪಂಚಾಂಗದಲ್ಲಿ ಪ್ರತಿ ತಿಥಿ ಮುಗಿಯುವ ಸಮಯ ಕೊಟ್ಟಿರುತ್ತಾರೆ. ಒಂದು ಮುಗಿದದ್ದೇ ಮುಂದಿನದರ ಆರಂಭ, ಆದ್ದರಿಂದ ಮುಗಿಯುವ ಸಮಯ ಬರೆದುಕೊಂಡರೆ ಸಾಕು. ಆಕಾಶದಲ್ಲಿ ಸೂರ್ಯ ಚಂದ್ರರು ನಿಜಕ್ಕೂ ಇರುವ ಸ್ಥಾನಕ್ಕೆ ಹೊಂದುವ ಗಣಿತ, ಅಂದರೆ ದೃಗ್ಗಣಿತದ ಪ್ರಕಾರ 2025ರ ಚೀಟಿ ಹೀಗಿತ್ತು:

- ತ್ರಯೋದಶಿ: ಅ. 19, ಮಧ್ಯಾಹ್ನ 1.51ರವರೆಗೆ
- ಚತುರ್ದಶಿ: ಅ. 20, ಮಧ್ಯಾಹ್ನ 3.44ರವರೆಗೆ
- ಅಮಾವಾಸ್ಯೆ: ಅ. 21, ಸಂಜೆ 5.54ರವರೆಗೆ
- ಪಾಡ್ಯ: ಅ. 22, ರಾತ್ರಿ 8.16ರವರೆಗೆ
- ಬಿದಿಗೆ: ಅ. 23, ರಾತ್ರಿ 10.46ರವರೆಗೆ

ಇಲ್ಲಿ ಹೆಚ್ಚು ಜನ ಎಡವುವುದು ಮಧ್ಯರಾತ್ರಿ ದಾಟಿದ ಸಮಯದಲ್ಲಿ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ನವೆಂಬರ್ 4ರ ಸಾಲಿನಲ್ಲಿ "ರಾ. 2-44" ಎಂದಿದ್ದರೆ ಅದು ಗಡಿಯಾರದ ಪ್ರಕಾರ 5ನೇ ತಾರೀಖಿನ ನಸುಕು. ಕೆಲವರು ಅದನ್ನೇ 26-44 ಎಂದು ಅಚ್ಚು ಹಾಕುತ್ತಾರೆ, ಆಗ 24 ಕಳೆಯಬೇಕು. ಹಳೆಯ ಪಂಚಾಂಗಗಳಲ್ಲಿ ಸಮಯ ಘಟಿ–ವಿಘಟಿಗಳಲ್ಲಿರುತ್ತದೆ. ಒಂದು ಘಟಿ ಎಂದರೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. ಘಟಿಯನ್ನು ಗಂಟೆ ಎಂದು ಓದಿಕೊಂಡರೆ ಇಡೀ ಹಬ್ಬ ತಲೆಕೆಳಗು.

ಚೀಟಿಯ ಪಕ್ಕದಲ್ಲಿ ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತ ಬರೆಯಿರಿ. ತಿಥಿ ಮುಗಿಯುವ ಕ್ಷಣ ಇಡೀ ದೇಶಕ್ಕೆ ಒಂದೇ, ಸೂರ್ಯ ಮುಳುಗುವುದು ಊರೂರಿಗೆ ಬೇರೆ. ಆ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಸೂರ್ಯೋದಯ ಸುಮಾರು 6.11, ಸೂರ್ಯಾಸ್ತ 5.58.

ಎಣ್ಣೆಸ್ನಾನದ ಬೆಳಗು

ನರಕ ಚತುರ್ದಶಿಗೆ ನೋಡಬೇಕಾದದ್ದು ಸೂರ್ಯೋದಯದ ತಿಥಿಯನ್ನಲ್ಲ, ಅದಕ್ಕೂ ಮೊದಲು ಚಂದ್ರ ಮೂಡುವಾಗ ಇರುವ ತಿಥಿಯನ್ನು. ಬಹುಳ ಚತುರ್ದಶಿಯಲ್ಲಿ ಚಂದ್ರ ಸೂರ್ಯನಿಗಿಂತ 24ರಿಂದ 12 ಡಿಗ್ರಿ ಮುಂಚೆ ಇರುತ್ತಾನೆ. ಆಕಾಶ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಅಂದರೆ ಆ ದಿನ ತೆಳ್ಳನೆಯ ಚಂದ್ರ ಕಾಣಿಸುವುದು ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆಯಿಂದ ಮುಕ್ಕಾಲು ಗಂಟೆ ಮೊದಲು. ಅರುಣೋದಯ ಎನ್ನುವ ನಾಲ್ಕು ಘಟಿಯ ಅವಧಿಯೂ ಹೆಚ್ಚುಕಡಿಮೆ ಇದೇ. "ಸೂರ್ಯ ಹುಟ್ಟೋದ್ರೊಳಗೆ ತಲೆಗೆ ಎಣ್ಣೆ ಬೀಳ್ಬೇಕು" ಎಂದು ಅಜ್ಜಿಯರು ನಾಲ್ಕೂವರೆಗೇ ಎಬ್ಬಿಸುತ್ತಿದ್ದುದು ಈ ಹೊತ್ತಿಗಾಗಿ.

2025ರ ಚೀಟಿ ನೋಡಿ. 19ರ ನಸುಕಿನಲ್ಲಿ ಇನ್ನೂ ತ್ರಯೋದಶಿ. 20ರ ನಸುಕಿನಲ್ಲಿ, ಬೆಂಗಳೂರಿನಲ್ಲಿ ಐದರ ಆಸುಪಾಸಿಗೆ ಚಂದ್ರ ಮೂಡುವಾಗ, ಚತುರ್ದಶಿ. ಆದ್ದರಿಂದ ಸ್ನಾನ 20ಕ್ಕೆ. ಎರಡು ದಿನವೂ ಚಂದ್ರೋದಯಕ್ಕೆ ಚತುರ್ದಶಿ ಇದ್ದರೆ ಮೊದಲ ದಿನವನ್ನು ಹಿಡಿಯುತ್ತಾರೆ.

ನೀರು ತುಂಬುವ ಹಬ್ಬದ್ದು ಬೇರೆ ಕಥೆ. ಹಂಡೆ ಬೆಳಗಿ, ಸುಣ್ಣ–ಜಾಜಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ ನೀರು ತುಂಬಿಡುವುದು ಮರುದಿನದ ಸ್ನಾನಕ್ಕಾಗಿ. ಅದಕ್ಕೆ ತಿಥಿ ಹುಡುಕಬೇಕಿಲ್ಲ, ಸ್ನಾನದ ಹಿಂದಿನ ಸಂಜೆ ಎಂದಷ್ಟೇ ಹಿಡಿದರೆ ಸಾಕು. ಯಮದೀಪವನ್ನು ಮಾತ್ರ ಸಂಜೆಗೆ ತ್ರಯೋದಶಿ ಇರುವ ದಿನ ಹಚ್ಚಬೇಕು. 2025ರಲ್ಲಿ ಯಮದೀಪ 18ಕ್ಕೆ ಬಂತು, ನೀರು ತುಂಬುವುದು 19ಕ್ಕೆ. ಎರಡೂ ಒಂದೇ ಸಂಜೆ ಎಂದುಕೊಂಡವರಿಗೆ ಆ ವರ್ಷ ಒಂದು ದಿನ ತಪ್ಪಿತು.

ತಿಥಿಯೇ ಕ್ಷಯವಾದರೆ? 2021ರಲ್ಲಿ ಹಾಗಾಯಿತು. ಚತುರ್ದಶಿ ನವೆಂಬರ್ 3ರ ಬೆಳಗ್ಗೆ 9.02ಕ್ಕೆ ಶುರುವಾಗಿ 4ರ ಬೆಳಗ್ಗೆ 6.03ಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ 4ರಂದು ಸೂರ್ಯ ಹುಟ್ಟಿದ್ದು 6.14ರ ಹೊತ್ತಿಗೆ. 3ರ ಸೂರ್ಯೋದಯಕ್ಕೆ ತ್ರಯೋದಶಿ, 4ರ ಸೂರ್ಯೋದಯಕ್ಕೆ ಅಮಾವಾಸ್ಯೆ. ಚತುರ್ದಶಿಗೆ ಕ್ಯಾಲೆಂಡರಿನಲ್ಲಿ ಚೌಕವೇ ಇಲ್ಲ. ಆದರೆ ಹಬ್ಬ ಎಲ್ಲಿಗೂ ಹೋಗಿರಲಿಲ್ಲ. 4ರ ನಸುಕಿನಲ್ಲಿ ಚಂದ್ರ ಮೂಡುವ ಹೊತ್ತಿಗೆ ಚತುರ್ದಶಿ ಇನ್ನೂ ಉಳಿದಿತ್ತು, ಸ್ನಾನ ಅಂದೇ. "ಅಮಾವಾಸ್ಯೆ ದಿನ ಎಣ್ಣೆಸ್ನಾನ ಹೇಗ್ರೀ ಮಾಡೋದು?" ಎಂದು ಹಿಂಜರಿದವರು ಚೌಕ ನೋಡಿದ್ದರು, ಹೊತ್ತು ನೋಡಿರಲಿಲ್ಲ. ಅದೇ ಸಂಜೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, 5ಕ್ಕೆ ಬಲಿಪಾಡ್ಯಮಿ. ತಿಥಿಗಳು ಗಿಡ್ಡವಾಗಿದ್ದ ವರ್ಷ, ನಡುವೆ ಖಾಲಿ ದಿನಕ್ಕೆ ಜಾಗವಿರಲಿಲ್ಲ.

ಲಕ್ಷ್ಮೀಪೂಜೆ: ತಕರಾರೆಲ್ಲ ಇಲ್ಲೇ

ಲಕ್ಷ್ಮೀಪೂಜೆಗೆ ಬೇಕಾದದ್ದು ಪ್ರದೋಷದಲ್ಲಿ ಅಮಾವಾಸ್ಯೆ. ಪ್ರದೋಷವೆಂದರೆ ಸೂರ್ಯಾಸ್ತದಿಂದ ಆರು ಘಟಿ, ಹತ್ತಿರ ಹತ್ತಿರ ಎರಡೂವರೆ ಗಂಟೆ. ಅಕ್ಟೋಬರ್ 20ರ ಸಂಜೆ 5.58ಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ಅಮಾವಾಸ್ಯೆ ಹಿಡಿದು ಎರಡು ಗಂಟೆ ದಾಟಿತ್ತು. 21ರಂದು ಅಮಾವಾಸ್ಯೆ 5.54ಕ್ಕೇ ಮುಗಿಯಿತು, ಬೆಂಗಳೂರಿನ ಸೂರ್ಯಾಸ್ತಕ್ಕೆ ನಾಲ್ಕು ನಿಮಿಷ ಮೊದಲು. ಹಗಲೆಲ್ಲ ಅಮಾವಾಸ್ಯೆ, ದೀಪ ಹಚ್ಚುವ ಹೊತ್ತಿಗೆ ಪಾಡ್ಯ. ಆದ್ದರಿಂದ ಪೂಜೆ 20ರ ಸಂಜೆಗೆ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಷ್ಟೇ.

ಹಾಗೆಂದು 21 ಪೂರ್ತಿ ಖಾಲಿ ದಿನವೂ ಅಲ್ಲ. ಅಮಾವಾಸ್ಯೆಯ ಪಿತೃತರ್ಪಣಕ್ಕೆ ಅಪರಾಹ್ನ ಮುಖ್ಯ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ನ, ಆ ದಿನಗಳಲ್ಲಿ ಬೆಂಗಳೂರಿಗೆ ಮಧ್ಯಾಹ್ನ 1.15ರಿಂದ 3.36ರವರೆಗೆ. 20ರಂದು ಅಮಾವಾಸ್ಯೆ ಹಿಡಿದದ್ದೇ 3.44ಕ್ಕೆ, ಅಪರಾಹ್ನ ಕಳೆದ ಮೇಲೆ. ತರ್ಪಣ 21ಕ್ಕೆ ಹೋಯಿತು. ಒಂದೇ ಅಮಾವಾಸ್ಯೆ, ಅದರ ರಾತ್ರಿಯ ಕೆಲಸ ಸೋಮವಾರಕ್ಕೆ, ಹಗಲಿನ ಕೆಲಸ ಮಂಗಳವಾರಕ್ಕೆ.

ಎರಡು ಸಂಜೆಯೂ ಅಮಾವಾಸ್ಯೆ ಸಿಕ್ಕಿದಾಗ ಜಗಳ ಶುರು. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ರಿಂದ ನವೆಂಬರ್ 1ರ ಸಂಜೆ 6.16ರವರೆಗೆ ಇತ್ತು. 31ರ ಸಂಜೆ ಪೂರ್ತಿ ಅಮಾವಾಸ್ಯೆ. 1ರ ಸಂಜೆಯೂ ಸ್ವಲ್ಪ. ಎರಡು ದಿನವೂ ಪ್ರದೋಷಕ್ಕೆ ಅಮಾವಾಸ್ಯೆ ತಾಗಿದರೆ ಎರಡನೆಯ ದಿನ ಎಂಬುದು ನಿರ್ಣಯಗ್ರಂಥಗಳ ಸಾಮಾನ್ಯ ಮಾತು. ಅದಕ್ಕೊಂದು ಷರತ್ತೂ ಇದೆ: ಎರಡನೆಯ ದಿನ ಸೂರ್ಯಾಸ್ತದ ನಂತರ ಕನಿಷ್ಠ ಒಂದು ದಂಡ, ಅಂದರೆ ಒಂದು ಘಟಿ, 24 ನಿಮಿಷ ಅಮಾವಾಸ್ಯೆ ಇರಬೇಕು.

ಈಗ ಊರು ಹಿಡಿದು ನೋಡಿ. ನವೆಂಬರ್ 1ರಂದು ಕಲಬುರಗಿಯಲ್ಲಿ ಸೂರ್ಯಾಸ್ತ ಸುಮಾರು 5.51, ಉಳಿದದ್ದು 25 ನಿಮಿಷ. ಬೆಂಗಳೂರಿನಲ್ಲಿ 5.53, ಉಳಿದದ್ದು 23. ಬೆಳಗಾವಿಯಲ್ಲಿ 6.02, ಉಳಿದದ್ದು 14. ಮಂಗಳೂರಿನಲ್ಲಿ 6.04, ಉಳಿದದ್ದು 12. ಷರತ್ತನ್ನು ಅಕ್ಷರಶಃ ಹಿಡಿದರೆ ಕಲಬುರಗಿಗೆ ಎರಡನೆಯ ದಿನ, ಬೆಂಗಳೂರಿಗೆ ಒಂದು ನಿಮಿಷದ ಕೊರತೆಯಿಂದ ಮೊದಲ ದಿನ! ಕಾಶಿಯ ವಿದ್ವಾಂಸರು 31 ಎಂದರು, ಬೇರೆ ಕೆಲವು ಪಂಚಾಂಗಗಳು 1 ಎಂದವು. ನಮ್ಮ ಕಡೆ ಕೆಲವು ಅಂಗಡಿಗಳಲ್ಲಿ ಗುರುವಾರ ಪೂಜೆಯಾದರೆ ಪಕ್ಕದ ಅಂಗಡಿಯಲ್ಲಿ ಶುಕ್ರವಾರ.

ಇಂಥ ಗಡಿಯಲ್ಲಿ ನಾನು ನೋಡುವುದು ಒಂದನ್ನೇ. ಮನೆಯ ಪೂಜೆಗೆ ಎಷ್ಟು ಹೊತ್ತು ಬೇಕು? ಕಲಶ ಇಟ್ಟು, ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಂಗಳಾರತಿ ಮಾಡುವುದಕ್ಕೆ 12 ನಿಮಿಷ ಸಾಲದು. ಮಂಗಳೂರಿನಲ್ಲಿದ್ದರೆ 31ನ್ನೇ ಹಿಡಿಯುತ್ತಿದ್ದೆ. ಕಲಬುರಗಿಯಲ್ಲಿ ಮನೆಯ ಪುರೋಹಿತರು 1 ಎಂದರೆ ಒಪ್ಪಿಕೊಳ್ಳುತ್ತಿದ್ದೆ. ಎರಡಕ್ಕೂ ಆಧಾರವಿದೆ, ಒಂದೇ ಮನೆಯಲ್ಲಿ ಎರಡೂ ದಿನ ಮಾಡಬೇಕಾಗಿಲ್ಲ.

ಬಲಿಪಾಡ್ಯಮಿ

ನಮ್ಮಲ್ಲಿ ರೂಢಿಯಲ್ಲಿರುವುದು ಸೂರ್ಯೋದಯಕ್ಕೆ ಪಾಡ್ಯ ಇರುವ ದಿನ. 2025ರಲ್ಲಿ ಪಾಡ್ಯ 21ರ ಸಂಜೆಯೇ ಬಂದಿದ್ದರೂ ಅದು ಸೂರ್ಯೋದಯ ಕಂಡದ್ದು 22ರಂದು. ಖಾಲಿ ದಿನ ಹುಟ್ಟುವುದೇ ಹೀಗೆ: ಅಮಾವಾಸ್ಯೆ ಒಂದು ದಿನ ಮಧ್ಯಾಹ್ನದ ಮೇಲೆ ಶುರುವಾಗಿ ಮರುದಿನ ಸಂಜೆಯೊಳಗೆ ಮುಗಿದರೆ ಲಕ್ಷ್ಮೀಪೂಜೆ ಮೊದಲ ದಿನಕ್ಕೆ ಹೋಗುತ್ತದೆ, ಪಾಡ್ಯ ಮೂರನೆಯ ದಿನಕ್ಕೆ ಕಾಯುತ್ತದೆ. 2022ರಲ್ಲೂ ಹೀಗೇ ಆಯಿತು. ಅಕ್ಟೋಬರ್ 24ಕ್ಕೆ ಸ್ನಾನ ಮತ್ತು ಲಕ್ಷ್ಮೀಪೂಜೆ, 26ಕ್ಕೆ ಬಲಿಪಾಡ್ಯಮಿ, ನಡುವಿನ 25ಕ್ಕೆ ಸೂರ್ಯಗ್ರಹಣ. ಗ್ರಹಣದಿಂದಾಗಿ ಹಬ್ಬ ಮುಂದೆ ಹೋಯಿತು ಎಂದು ಬಹಳ ಜನ ತಿಳಿದರು. ಗ್ರಹಣ ಇಲ್ಲದಿದ್ದರೂ ತಿಥಿ ಅಲ್ಲೇ ಕೂರುತ್ತಿತ್ತು: ಅಮಾವಾಸ್ಯೆ 25ರ ಸಂಜೆ 4.18ಕ್ಕೆ ಮುಗಿದಿತ್ತು.

ಇಲ್ಲೂ ಒಂದು ಭಿನ್ನಮತವಿದೆ. ಗೋಪೂಜೆಗೆ ಅಮಾವಾಸ್ಯೆ ತಾಗಿದ ಪಾಡ್ಯ ಒಳ್ಳೆಯದು, ಬಿದಿಗೆ ತಾಗಿ ಸಂಜೆಗೆ ಚಂದ್ರದರ್ಶನವಾಗುವ ದಿನ ಬೇಡ ಎನ್ನುವ ಹಳೆಯ ನಿರ್ಣಯ. ಇದರ ಪರಿಣಾಮ 2020ರಲ್ಲಿ ಕಂಡಿತು. ಪಾಡ್ಯ ನವೆಂಬರ್ 15ರ ಬೆಳಗ್ಗೆ 10.36ರಿಂದ 16ರ ಬೆಳಗ್ಗೆ 7.06ರವರೆಗೆ. ಉತ್ತರ ಭಾರತದಲ್ಲಿ ಗೋವರ್ಧನ ಪೂಜೆ 15ಕ್ಕೆ ನಡೆಯಿತು, ಕರ್ನಾಟಕದ ಬಲಿಪಾಡ್ಯಮಿ 16ಕ್ಕೆ. 16ರಂದು ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದ್ದು 6.19ಕ್ಕೆ, ಪಾಡ್ಯ ಉಳಿದದ್ದು ಮುಕ್ಕಾಲು ಗಂಟೆ. ಸ್ನಾನಕ್ಕೆ, ಬಲೀಂದ್ರನನ್ನು ಕೂರಿಸುವುದಕ್ಕೆ ಅಷ್ಟು ಸಾಕು. ಮಲೆನಾಡಿನ ಕೊಟ್ಟಿಗೆಯ ಪೂಜೆ, ಉತ್ತರ ಕರ್ನಾಟಕದಲ್ಲಿ ಸಗಣಿಯ ಪಾಂಡವರನ್ನು ಇಡುವುದು, ರಾತ್ರಿ ಅಂಟಿಗೆ–ಪಂಟಿಗೆಯವರು ಮನೆಮನೆಗೆ ದೀಪ ತರುವುದು, ಇವೆಲ್ಲ ಏಳು ಗಂಟೆಯ ಗೆರೆ ನೋಡಿ ನಿಲ್ಲುವುದಿಲ್ಲ. ಸೂರ್ಯೋದಯದ ತಿಥಿ ದಿನಕ್ಕೆಲ್ಲ ನಡೆಯುತ್ತದೆ ಎಂಬ ರೂಢಿ ಅಲ್ಲಿ ಕೆಲಸ ಮಾಡುತ್ತದೆ.

ಅದೇ 16ರಂದು ಇನ್ನೊಂದು ವಿಚಿತ್ರ. 7.06ಕ್ಕೆ ಹಿಡಿದ ಬಿದಿಗೆ 17ರ ನಸುಕಿನ 3.56ಕ್ಕೆ ಮುಗಿದೇಹೋಯಿತು, ಸೂರ್ಯೋದಯವನ್ನೇ ಕಾಣಲಿಲ್ಲ. ಸೋದರ ಬಿದಿಗೆಗೆ ಬೇಕಾದ್ದು ಅಪರಾಹ್ನದ ಬಿದಿಗೆ, ಅದು ಸಿಕ್ಕಿದ್ದು 16ರಂದೇ. ಬೆಳಗ್ಗೆ ಬಲಿಪಾಡ್ಯಮಿ, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ.

ಕ್ಯಾಲಿಫೋರ್ನಿಯಾದ ಮನೆಗೆ ಬೆಂಗಳೂರಿನ ಕ್ಯಾಲೆಂಡರ್ ಆಗದು

ಹೊರದೇಶದವರು ಊರಿನ ತಾರೀಖನ್ನೇ ಇಟ್ಟುಕೊಳ್ಳುವುದು ಸಾಮಾನ್ಯ. ಅದರ ಬದಲು ಚೀಟಿಯ ಸಮಯಗಳನ್ನು ಮೊದಲು ತಮ್ಮ ಗಡಿಯಾರಕ್ಕೆ ತಿರುಗಿಸಿ, ಆಮೇಲೆ ಅದೇ ಪ್ರಶ್ನೆಗಳನ್ನು ಕೇಳಿದರೆ ಸರಿಹೋಗುತ್ತದೆ. 2025ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿತ್ತು. ಅಲ್ಲಿ ಚತುರ್ದಶಿ 20ರ ನಸುಕಿನ 3.14ಕ್ಕೇ ಮುಗಿಯಿತು, ಆದ್ದರಿಂದ ಎಣ್ಣೆಸ್ನಾನ 19ರ ನಸುಕಿಗೆ. ಲಕ್ಷ್ಮೀಪೂಜೆ 20ರ ಸಂಜೆ. ಪಾಡ್ಯ 21ರ ಬೆಳಗ್ಗೆ 5.24ರಿಂದ 22ರ ಬೆಳಗ್ಗೆ 7.46ರವರೆಗೆ. ಸ್ಯಾನ್ ಹೋಸೆಯಲ್ಲಿ ಆಗ ಸೂರ್ಯ ಹುಟ್ಟುವುದು 7.22ರ ಸುಮಾರಿಗೆ, ಹಾಗಾಗಿ ಪಾಡ್ಯಕ್ಕೆ ಎರಡು ಸೂರ್ಯೋದಯ, ವೃದ್ಧಿ. ಆಗ ಪೂರ್ತಿ ದಿನ ಪಾಡ್ಯವೇ ಇರುವ 21 ಸಹಜವಾಗಿ ಬಲಿಪಾಡ್ಯಮಿ. ಅದೇ ತಿಥಿಗಳು ಬೆಂಗಳೂರಿಗೆ 20, 20, 22 ಎಂದು ಬಿದ್ದವು, ಅಲ್ಲಿಗೆ 19, 20, 21 ಎಂದು ಸಾಲಾಗಿ ನಿಂತವು.

ಎರಡು ಪಂಚಾಂಗ, ಎರಡು ಸಮಯ

ಎಲ್ಲ ಸರಿಯಾಗಿ ಮಾಡಿದರೂ ನಿಮ್ಮ ಚೀಟಿಗೂ ಪಕ್ಕದ ಮನೆಯದಕ್ಕೂ ಗಂಟೆಗಳ ವ್ಯತ್ಯಾಸ ಬಂದರೆ ಗಣಿತದ ಪದ್ಧತಿ ಬೇರೆ ಎಂದರ್ಥ. ನಾನಿಲ್ಲಿ ಕೊಟ್ಟದ್ದೆಲ್ಲ ದೃಗ್ಗಣಿತದ ಸಮಯ. ಕೆಲವು ಮಠಗಳ ಪಂಚಾಂಗಗಳು ಸೂರ್ಯಸಿದ್ಧಾಂತವೆಂಬ ಹಳೆಯ ಜ್ಯೋತಿಷ ಗ್ರಂಥದಂತೆ ಗಣಿಸುತ್ತವೆ, ಅವುಗಳಲ್ಲಿ ತಿಥಿ ಮುಗಿಯುವ ಸಮಯ ಬೇರೆಯಾಗುತ್ತದೆ. ನಡುಮಧ್ಯಾಹ್ನ ಮುಗಿಯುವ ತಿಥಿಗೆ ಇದರಿಂದ ತೊಂದರೆಯಿಲ್ಲ. 2024ರಂತೆ ಸೂರ್ಯಾಸ್ತದ ಬೆನ್ನಿಗೇ ಮುಗಿಯುವ ತಿಥಿಗೆ ಹಬ್ಬವೇ ಬದಲಾಗುತ್ತದೆ. ಒಂದು ಪಂಚಾಂಗದಿಂದ ಸ್ನಾನ, ಇನ್ನೊಂದರಿಂದ ಲಕ್ಷ್ಮೀಪೂಜೆ ಎಂದು ಬೆರೆಸಬೇಡಿ. ಮನೆತನಕ್ಕೆ ಯಾವುದು ರೂಢಿಯೋ ಅದರಲ್ಲೇ ಐದೂ ತಿಥಿ ತೆಗೆಯಿರಿ.

ಕೈಗೆ ರೂಢಿಯಾಗಲು 2026ರದ್ದು ಸುಲಭ. ಚತುರ್ದಶಿ ನವೆಂಬರ್ 7ರ ಬೆಳಗ್ಗೆ 10.47ರಿಂದ 8ರ ಬೆಳಗ್ಗೆ 11.27ರವರೆಗೆ, ಅಮಾವಾಸ್ಯೆ 9ರ ಮಧ್ಯಾಹ್ನ 12.31ರವರೆಗೆ, ಪಾಡ್ಯ 10ರ ಮಧ್ಯಾಹ್ನ ಸುಮಾರು ಎರಡರವರೆಗೆ. ಚಂದ್ರೋದಯಕ್ಕೆ ಚತುರ್ದಶಿ 8ರ ನಸುಕಿನಲ್ಲಿ, ಪ್ರದೋಷಕ್ಕೆ ಅಮಾವಾಸ್ಯೆ ಅದೇ ಸಂಜೆ, ಸೂರ್ಯೋದಯಕ್ಕೆ ಪಾಡ್ಯ 10ರ ಮಂಗಳವಾರ. ಹಂಡೆಗೆ ನೀರು ತುಂಬುವುದು 7ರ ಶನಿವಾರ ಸಂಜೆ. 9ರ ಸೋಮವಾರ ಮತ್ತೆ ನಡುವಿನ ದಿನ, ಚಿಕ್ಕಮ್ಮನಿಗೆ ಈ ಸಲ ನಾನೇ ಮೊದಲು ಫೋನ್ ಮಾಡಿ ಹೇಳಬೇಕು.